ಬೀರಣ್ಣನ ಬೀಳ್ಕೊಡುಗೆಗೆ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ. ಸಾಹೇಬರಿಗೆ, ಸಬ್‌ಸ್ಟೇಷನ್ನಿನಿಂದ ಬಿಡುವು ಮಾಡಿಕೊಂಡು ಬಂದವರಿಗೆ, ಬೀರಣ್ಣನ ಮನೆಯವರಿಗೆ, ಅದರಲ್ಲೂ ಅತ್ತಿಗೆಗೆ. ಹಿಂದುಗಡೆ ಬಂಗಡೆ ಹುರಿಯುತ್ತಿದ್ದಾರೆ, ವಾಸನೆ ಇಲ್ಲಿಯವರೆಗೂ ಬರ್ತಾ ಇದೆ. ಹಾಗಾಗಿ ಈಗ ನನ್ನ ಭಾಷಣ ಯಾರಿಗೂ ಬೇಡ ಅಂತ ಗೊತ್ತು. ಆದರೂ ಸ್ವಲ್ಪ ತಡೆದುಕೊಳ್ಳಿ.

ಸಾಹೇಬರು ಸರ್ವಿಸ್ ರಿಜಿಸ್ಟರ್ ನೋಡಿಕೊಂಡು ಮಾತಾಡಿದರು. ಸೇರಿದ್ದು ಯಾವಾಗ, ಬಡ್ತಿ ಯಾವಾಗ, ಎಲ್ಲೆಲ್ಲಿಗೆ ವರ್ಗ ಆಯ್ತು, ಎಲ್ಲಾ ಬಂತು. ರಿಜಿಸ್ಟರಿನಲ್ಲಿ ಬರೆಯದೇ ಇರುವುದನ್ನು ಹೇಳೋಕೆ ಹುಡುಗರು ನನ್ನನ್ನು ಮುಂದೆ ದೂಡಿದ್ದಾರೆ.

ಬೀರಣ್ಣ ಕೆಲಸಕ್ಕೆ ಸೇರಿದಾಗ ಇದು ಕೆಇಬಿ. 1999ರಲ್ಲಿ ಕೆಪಿಟಿಸಿಎಲ್ ಆಯ್ತು, 2002ರಲ್ಲಿ ಹೆಸ್ಕಾಂ ಆಯ್ತು. ಬೋರ್ಡು ಬದಲಾದರೂ ಜನ ಬದಲಾಗಲಿಲ್ಲ ನೋಡಿ, ಅಗಸೂರಿಗೆ ಹೋದರೂ ಅಚವೆಗೆ ಹೋದರೂ ಅಜ್ಜಿಯಂದಿರು ಈಗಲೂ ಅಂಗಳದಿಂದಲೇ "ಕೆಇಬಿ ಬೀರಣ್ಣ ಬಂದ" ಅಂತ ಒಳಗೆ ಕೂಗಿ ಹೇಳುತ್ತಾರೆ. ನಮ್ಮ ಹುದ್ದೆಯ ಹೆಸರೂ ಹಾಗೇ. ಲೈನ್‌ಮನ್ ಅಂದರು, ಮಾರ್ಗದಾಳು ಅಂದರು, ಈಗ ಪವರ್‌ಮ್ಯಾನ್ ಅನ್ನುತ್ತಾರೆ. ಹತ್ತುವ ಕಂಬ ಮಾತ್ರ ಅದೇ.

ಈಗ ನೇರವಾಗಿ ಒಂದು ವಿಷಯ ಹೇಳಿಬಿಡುತ್ತೇನೆ. ಬೀರಣ್ಣ ನಿಧಾನ. ಸಿಟ್ಟು ಮಾಡ್ಕೋಬೇಡಿ ಬೀರಣ್ಣ, ಇದು ಇಲ್ಲಿರುವ ಎಲ್ಲರಿಗೂ ಗೊತ್ತು, ಆಫೀಸಿಗೆ ಫೋನ್ ಮಾಡಿ ಬೈದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಮಳೆಗಾಲದ ರಾತ್ರಿ ಫೀಡರ್ ಟ್ರಿಪ್ ಆಗಿ, ಎಲ್ಲೋ ತೆಂಗಿನ ಮಡಲು ತಂತಿಯ ಮೇಲೆ ಬಿದ್ದಿದೆ ಅಂತ ಹುಡುಕಿ ಹುಡುಕಿ ಪತ್ತೆ ಮಾಡಿ, ನಾವು ಹುಡುಗರು ಏಣಿ ಹೊತ್ತು ಓಡಿ ಇನ್ನೇನು ಹತ್ತಬೇಕು ಅನ್ನುವಾಗ ಹಿಂದಿನಿಂದ ಟಾರ್ಚ್ ಬೆಳಕು ಬೀಳುತ್ತದೆ. ಆಮೇಲೆ ಆ ಪ್ರಶ್ನೆ. "ರಾಡ್ ಹಾಕಿದ್ಯಾ?"

ಅವಸರ ಅಂದರೂ ಕೇಳಲ್ಲ. ಸಾಹೇಬರ ಫೋನ್ ಬಂದಿದೆ ಅಂದರೂ ಕೇಳಲ್ಲ. "ಯಾರ ಫೋನ್ ಬೇಕಾದ್ರೂ ಬರ್ಲಿ, ನೀ ಮೊದ್ಲು ರಾಡ್ ಹಾಕು." ಸಾಹೇಬರೇ, ಕ್ಷಮಿಸಿ, ಅವರು ಹಾಗೇ ಹೇಳ್ತಿದ್ದರು.

ಮನೆಯವರೂ ಮಕ್ಕಳೂ ಇದ್ದೀರಿ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 11 ಕೆವಿ ಲೈನಿನ ಮೇಲೆ ಕೆಲಸ ಮಾಡಬೇಕು ಅಂದರೆ ಮೊದಲು ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತಗೋಬೇಕು, ಅಂದರೆ ಲೈನ್ ಬಂದ್ ಮಾಡಿದ್ದೇವೆ, ನೀವು ವಾಪಸ್ ಹೇಳುವ ತನಕ ಚಾರ್ಜ್ ಮಾಡುವುದಿಲ್ಲ ಅಂತ ಅಲ್ಲಿನವರು ಒಪ್ಪಬೇಕು. ಅಲ್ಲಿಗೆ ಕೆಲಸ ಮುಗೀತು ಅಂತ ಹೊಸಬರು ತಿಳಿದುಕೊಳ್ಳುತ್ತಾರೆ. ಮುಗಿದಿಲ್ಲ. ಸ್ವಿಚ್ ಬಿಚ್ಚಿದ್ದನ್ನು ಕಣ್ಣಾರೆ ನೋಡಬೇಕು, ಲೈನಿನಲ್ಲಿ ಕರೆಂಟ್ ಇಲ್ಲ ಅಂತ ಪರೀಕ್ಷೆ ಮಾಡಬೇಕು, ಆಮೇಲೆ ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ರಾಡ್ ಸಿಕ್ಕಿಸಿ ಮೂರೂ ತಂತಿಯನ್ನು ನೆಲಕ್ಕೆ ಜೋಡಿಸಬೇಕು. ಎಲ್ಲಿಂದಾದರೂ ಕರೆಂಟ್ ಬಂದರೂ ಅದು ನೆಲಕ್ಕೆ ಹೋಗಲಿ, ಮೇಲಿರುವವನ ಮೈಗೆ ಬರದಿರಲಿ ಅಂತ. ಮಳೆಯಲ್ಲಿ, ಕತ್ತಲಲ್ಲಿ, ಊರಿಗೆ ಊರೇ ಕಾಯುತ್ತಿರುವಾಗ ಇಷ್ಟೆಲ್ಲ ಮಾಡೋಕೆ ಹೊತ್ತು ಬೇಕು. ಬೀರಣ್ಣ ಎಷ್ಟು ಬೇಕೋ ಅಷ್ಟು ಹೊತ್ತು ತಗೊಳ್ಳುತ್ತಿದ್ದರು.

ಲೈನ್ ಬಂದ್ ಆದಮೇಲೆ ಕರೆಂಟ್ ಎಲ್ಲಿಂದ ಬರುತ್ತೆ ಅಂತ ನಾನೂ ಕೇಳಿದ್ದೆ, ಹೊಸದಾಗಿ ಸೇರಿದಾಗ. ಅದಕ್ಕೆ ಉತ್ತರ ಒಂದು ಮದುವೆ ಮನೆಯಿಂದ ಬಂತು. ಊರ ಹೆಸರು ಬೇಡ, ಒಳ್ಳೆಯ ಜನ, ಅವರಿಗೆ ಗೊತ್ತಿರಲಿಲ್ಲ ಅಷ್ಟೇ. ಮೇ ತಿಂಗಳ ಗಾಳಿ ಮಳೆಗೆ ಲೈನ್ ಹೋಗಿತ್ತು, ನಾವು ಎಲ್‌ಸಿ ತಗೊಂಡು ಮರದ ಕೊಂಬೆ ತೆಗೆಯೋಕೆ ನಿಂತಿದ್ದೆವು, ಅಷ್ಟರಲ್ಲಿ ಆ ಮನೆಯಲ್ಲಿ ಜನರೇಟರ್ ಶುರು ಮಾಡಿದರು. ಚೇಂಜ್ ಓವರ್ ಸ್ವಿಚ್ ಇಲ್ಲದೆ ನೇರವಾಗಿ ಮನೆಯ ವೈರಿಂಗಿಗೇ ಕೊಟ್ಟಿದ್ದರು. ಮನೆಯಿಂದ ಕರೆಂಟ್ ವಾಪಸ್ ಎಲ್‌ಟಿ ಲೈನಿಗೆ ಬಂತು, ಅಲ್ಲಿಂದ ಟಿಸಿಗೆ. ಟಿಸಿಗೆ ಮೇಲೆ ಕೆಳಗೆ ಅಂತ ಭೇದ ಇಲ್ಲ. 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುವ ಅದೇ ಪೆಟ್ಟಿಗೆ, ಹಿಂದಿನಿಂದ 240 ಕೊಟ್ಟರೆ ಅದನ್ನು ಏರಿಸಿ ಸಾವಿರಗಟ್ಟಲೆ ವೋಲ್ಟ್ ಮಾಡಿ ಮೇಲಿನ ಲೈನಿಗೆ ಬಿಡುತ್ತದೆ. ನಾವು ಬಂದ್ ಆಗಿದೆ ಅಂದುಕೊಂಡಿದ್ದ ಲೈನಿಗೆ.

ಬೀರಣ್ಣ ಮೊದಲನೇ ರಾಡ್ ತಾಗಿಸಿದ್ದೇ ತಡ, ಚಟಾರ್ ಅಂತ ಕಿಡಿ. ನಾನು ಏಣಿಯ ಮೇಲೆ ಕಾಲಿಟ್ಟಿರಲಿಲ್ಲ, ಯಾಕೆಂದರೆ ಹತ್ತೋಕೆ ಅವರು ಬಿಟ್ಟಿರಲಿಲ್ಲ. ಅಷ್ಟೇ ವ್ಯತ್ಯಾಸ. ಯಾರೂ ಏನೂ ಮಾತಾಡಲಿಲ್ಲ. ಆಮೇಲೆ ಬೀರಣ್ಣ ಆ ಮದುವೆ ಮನೆಗೆ ನಡೆದುಕೊಂಡು ಹೋದರು. ಬೈತಾರೆ ಅಂದುಕೊಂಡು ನಾವೂ ಹಿಂದೆ ಹೋದೆವು. ಬೈಯಲಿಲ್ಲ. ಜನರೇಟರ್ ಆಫ್ ಮಾಡಿಸಿ, ಮೇನ್ ಸ್ವಿಚ್ ತಾವೇ ತೆಗೆದು, ಮದುಮಗಳ ಅಪ್ಪನಿಗೆ ಇದು ಯಾಕೆ ಹೀಗೆ ಅಂತ ಮಗುವಿಗೆ ಹೇಳಿದ ಹಾಗೆ ಹೇಳಿದರು. ಕೊನೆಗೆ ಅವರು ಒತ್ತಾಯ ಮಾಡಿ ನಮ್ಮನ್ನೆಲ್ಲ ಊಟಕ್ಕೆ ಕೂರಿಸಿದರು. ಪಾಯಸ ಚೆನ್ನಾಗಿತ್ತು, ನಂಗೆ ಮಾತ್ರ ಇಳಿಯಲಿಲ್ಲ. ಬೀರಣ್ಣ ಎರಡನೇ ಸಲ ಹಾಕಿಸಿಕೊಂಡರು!

ನಮ್ಮ ಜಿಲ್ಲೆಯ ತಮಾಷೆ ನಿಮಗೆ ಗೊತ್ತೇ ಇದೆ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ, ಕಾಳಿಗೆ ಅಡ್ಡವಾಗಿ ಸೂಪಾ, ಕೊಡಸಳ್ಳಿ, ಕದ್ರಾ. ರಾಜ್ಯಕ್ಕೆಲ್ಲ ಕರೆಂಟ್ ಇಲ್ಲಿಂದ ಹೋಗುತ್ತದೆ, ಮತ್ತು ಜೂನ್ ಬಂತು ಅಂದರೆ ನಮ್ಮ ಮನೆಗಳಲ್ಲಿ ಚಿಮಣಿ ಹುಡುಕಬೇಕು. ಇದಕ್ಕೆ ಬೈಸಿಕೊಂಡದ್ದು ಮಾತ್ರ ಬೀರಣ್ಣ. ಹೋಟೆಲಿನಲ್ಲಿ ಚಾ ಕುಡಿಯುವಾಗ, ಮೀನು ಪೇಟೆಯಲ್ಲಿ, ಬಂಡಿ ಹಬ್ಬದ ಜಾತ್ರೆಯಲ್ಲಿ ಎದುರು ಸಿಕ್ಕವರೆಲ್ಲ ಕೇಳುವುದೇ "ಏನ್ ಬೀರಣ್ಣ, ಇವತ್ತಾದ್ರೂ ಕರೆಂಟ್ ಬತ್ತದ್ಯಾ?" ಕಾಡಿನೊಳಗೆ ಹಾದು ಬರುವ ಲೈನು, ಮೇಲೆ ಬಿದಿರು, ಕೆಳಗೆ ಕೆಸರು, ಸಮುದ್ರದ ಬದಿಗೆ ಬಂದರೆ ಉಪ್ಪುಗಾಳಿ ಇನ್ಸುಲೇಟರಿಗೆ ಮೆತ್ತಿಕೊಂಡು ಸಣ್ಣ ಮಳೆಗೂ ಕಿಡಿ ಹಾರುತ್ತದೆ. ಇದನ್ನೆಲ್ಲ ಮೀನು ಪೇಟೆಯಲ್ಲಿ ನಿಂತು ಯಾರಿಗೆ ಹೇಳೋದು? ಬೀರಣ್ಣ ನಕ್ಕು "ಬತ್ತದೆ ಬತ್ತದೆ" ಅಂದು ಮುಂದೆ ಹೋಗುತ್ತಿದ್ದರು.

2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ಊರೊಳಗೆ ಬಂದಾಗ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ, ಇವರು ಮನೆಗೆ ಹೋದದ್ದು ಬಟ್ಟೆ ಬದಲಿಸೋಕೆ ಮಾತ್ರ. ತೌಕ್ತೆ ಹೊತ್ತಿಗೆ ಕೊರೊನಾ ಲಾಕ್‌ಡೌನ್ ಬೇರೆ. ಒಂದು ಮನೆಯಲ್ಲಿ ಆಕ್ಸಿಜನ್ ಯಂತ್ರ ಇದೆ ಅಂತ ಫೋನ್ ಬಂದಾಗ ಬೀರಣ್ಣ ಓಡಿದ್ದನ್ನು ನಾನು ನೋಡಿದೆ. ಹೌದು, ಓಡಿದರು, ನಿಧಾನ ಅನ್ನುವ ಮನುಷ್ಯ. ಆದರೆ ಕಂಬದ ಕೆಳಗೆ ಬಂದು ನಿಂತ ಮೇಲೆ ಮತ್ತೆ ಅದೇ ನಿಧಾನ, ಅದೇ ಪ್ರಶ್ನೆ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದ ದಿನಗಳ ಬಗ್ಗೆ ಇವತ್ತು ಮಾತಾಡಬೇಡ ಅಂತ ಅವರೇ ಹೇಳಿದ್ದಾರೆ. ಮಾತಾಡುವುದಿಲ್ಲ.

ಇನ್ನು ಅವರ ಮನೆಯ ಕರಿ ಈಶಾಡ ಮರದ ಕತೆ. ಅಂಕೋಲೆಯವರಿಗೆ ಈಶಾಡಿನ ಹಣ್ಣು ಅಂದರೆ ಏನು ಅಂತ ನಾನು ಹೇಳಬೇಕಾ? ಈಗ ಅದಕ್ಕೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಮಳೆಗಾಲಕ್ಕೆ ಮುಂಚೆ ಲೈನಿಗೆ ತಾಗುವ ಕೊಂಬೆ ಕಡಿಯೋಕೆ ಹೋದರೆ ಪ್ರತಿ ಮನೆಯಲ್ಲೂ ಜಗಳ, "ಈ ವರ್ಷ ಒಂದು ಬಿಡಿ, ಕಾಯಿ ಬಂದಿದೆ" ಅಂತ. ಒಂದು ಬೇಸಿಗೆ ಬೀರಣ್ಣ ನಮ್ಮನ್ನು ಮೊದಲು ಅವರ ಮನೆಗೇ ಕರೆದುಕೊಂಡು ಹೋಗಿ, ತಮ್ಮ ಮರದ ದೊಡ್ಡ ಕೊಂಬೆ, ಮೈತುಂಬ ಕಾಯಿ ಇದ್ದದ್ದು, ಅದನ್ನೇ ಕಡಿಸಿದರು. ಅಷ್ಟಾದ ಮೇಲೆ ಆ ಕೇರಿಯಲ್ಲಿ ಯಾರೂ ಜಗಳಕ್ಕೆ ಬರಲಿಲ್ಲ. ಅತ್ತಿಗೆ ಮಾತ್ರ ಎರಡು ದಿನ ಮಾತಾಡಲಿಲ್ಲವಂತೆ. ಆ ಕಾಯಿಯ ಉಪ್ಪಿನಕಾಯಿ ಮಾಡಿ ನಮಗೇ ಕಳಿಸಿದರು, ಅದು ಅವರ ದೊಡ್ಡತನ.

ಹೊಗಳಿಕೆ ಜಾಸ್ತಿ ಆಯ್ತು, ಸ್ವಲ್ಪ ಬೈಯುತ್ತೇನೆ. ಬೀರಣ್ಣನ ಅಕ್ಷರ ಬೀರಣ್ಣನಿಗೇ ಓದೋಕೆ ಬರಲ್ಲ. ಗ್ರೂಪಿನಲ್ಲಿ ಯಾವ ಕಂಬ ಅಂತ ಕೇಳಿದರೆ ಉದ್ದದ ವಾಯ್ಸ್ ಮೆಸೇಜ್ ಬರುತ್ತದೆ, ಅದರಲ್ಲಿ ಮಳೆಯ ಶಬ್ದ ಬಿಟ್ಟು ಏನೂ ಕೇಳುವುದಿಲ್ಲ. ಕಟಿಂಗ್ ಪ್ಲೇಯರ್ ಸಾಲ ಕೊಟ್ಟರೆ ವಾಪಸ್ ಬರಲ್ಲ, ನನ್ನದೊಂದು ಈಗಲೂ ಅವರ ಚೀಲದಲ್ಲಿದೆ. ಇವತ್ತು ಚೀಲ ಒಪ್ಪಿಸುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ಒಂದು ಮಾತು ಅತ್ತಿಗೆಗೆ. ರಾತ್ರಿ ಫೋನ್ ಬಂದರೆ ನಿಮಗೂ ಎಚ್ಚರ ಆಗುತ್ತದೆ, ಅವರು ವಾಪಸ್ ಬರುವ ತನಕ ಮತ್ತೆ ನಿದ್ದೆ ಬರುವುದಿಲ್ಲ ಅಂತ ನಮ್ಮ ಮನೆಯವಳು ಹೇಳಿಯೇ ನನಗೆ ಗೊತ್ತಾದದ್ದು, ಅವಳದ್ದೂ ಅದೇ ಪಾಡು. ಬೀರಣ್ಣನ ಜೊತೆ ಲೈನಿಗೆ ಹೋದ ಪ್ರತಿಯೊಬ್ಬನೂ ತನ್ನ ಕಾಲ ಮೇಲೆ ನಡೆದು ಮನೆಗೆ ಬಂದಿದ್ದಾನೆ. ನಮ್ಮ ಕೆಲಸದಲ್ಲಿ ಇದು ಸುಮ್ನೆ ಆಗುವಂಥದ್ದಲ್ಲ. ತಡ ಆಯ್ತು ಅಂತ ಬೈಸಿಕೊಳ್ಳೋಕೆ ಒಬ್ಬರು ತಯಾರಿದ್ದರು, ಅದಕ್ಕೆ ಆಯ್ತು. ಸಾಹೇಬರೇ, ರಿಜಿಸ್ಟರಿನಲ್ಲಿ ಜಾಗ ಇದ್ದರೆ ಇದನ್ನೊಂದು ಸೇರಿಸಿ.

ಬೀರಣ್ಣ, ನಾಳೆಯಿಂದ ನಿಮ್ಮ ಮನೆಯ ಕರೆಂಟ್ ಹೋದರೆ ನೀವೂ ಎಲ್ಲರ ಹಾಗೆ ಆಫೀಸಿಗೆ ಫೋನ್ ಮಾಡಬೇಕು. ನಾವು ಬರುತ್ತೇವೆ. ಸ್ವಲ್ಪ ತಡವಾಗಿ ಬರುತ್ತೇವೆ, ನೀವೇ ಕಲಿಸಿದ್ದು, ಸಹಿಸಿಕೊಳ್ಳಿ. ಫ್ಯೂಸ್ ಹಾಕೋಕೆ ನೀವೇ ಹೊರಟರೆ ಅತ್ತಿಗೆ ನಮಗೆ ತಿಳಿಸುತ್ತಾರೆ, ಮಾತಾಗಿದೆ.

ಸರಿ, ಎಲ್ಲರೂ ಏಳಿ. ಲೋಟದಲ್ಲಿ ಕೋಕಂ ಶರಬತ್ತಿದೆ, ಡ್ಯೂಟಿಯಲ್ಲಿ ಇರುವವರೂ ಧೈರ್ಯವಾಗಿ ಕುಡಿಯಬಹುದು. ಲೋಟ ಮೇಲೆತ್ತಿ. ಬೀರಣ್ಣನ ಆರೋಗ್ಯಕ್ಕೆ, ಅತ್ತಿಗೆಯ ನೆಮ್ಮದಿ ನಿದ್ದೆಗೆ, ಈಶಾಡ ಮರದ ಮುಂದಿನ ಫಸಲಿಗೆ!

ಕುಡಿದಾಯ್ತಾ? ಹಾಗಾದರೆ ನಡೀರಿ, ಬಂಗಡೆ ತಣ್ಣಗಾಗುತ್ತೆ.