ತಿಂಗಳಿಗೆ 40 ನಿಮಿಷ, ಆರು ತಿಂಗಳು: ಒಂದು ವಿನಂತಿ

ರೋಣ
12 ಮೇ 2025

ಮಾನ್ಯ ಪಾಟೀಲ ಸರ್ ಅವರಿಗೆ,

ಸಾದರ ನಮಸ್ಕಾರಗಳು.

ತಮಗೆ ನನ್ನ ಪರಿಚಯವಿಲ್ಲ. ರೋಣದಲ್ಲಿ ವಕೀಲಿ ಮಾಡುತ್ತೇನೆ. ಸನದು ಆಗಿದ್ದು 2019ರಲ್ಲಿ. ಕೈಯಲ್ಲಿರುವುದು ಬಹುಪಾಲು ಸಿವಿಲ್ ಕೇಸುಗಳು: ವಾಟ್ನಿ ದಾವೆ, ಹದ್ದಿನ ತಕರಾರು, ಮಧ್ಯೆ ಮಧ್ಯೆ ಒಂದೊಂದು ಚೆಕ್ ಬೌನ್ಸ್.

ಸೂಟಿಯ ದಿನಗಳಲ್ಲೂ ತಮ್ಮ ಆಫೀಸಿನಲ್ಲಿ ಜನ ಇದ್ದೇ ಇರುತ್ತಾರೆಂದು ಗೊತ್ತು. ಹಾಗಾಗಿ ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ. ಜೂನ್‌ನಿಂದ ನವೆಂಬರ್‌ವರೆಗೆ ಪ್ರತಿ ತಿಂಗಳ ಎರಡನೇ ಶನಿವಾರ ತಮ್ಮ 40 ನಿಮಿಷ ನನಗೆ ಬೇಕು. ಆರು ಸಲ, ಎಲ್ಲ ಕೂಡಿಸಿದರೆ ನಾಲ್ಕು ತಾಸು. ಕಲಿಯಬೇಕಾಗಿರುವುದು ಒಂದೇ ವಿಷಯ, ಪಾಟೀ ಸವಾಲು. ಅದರಲ್ಲೂ ಇಡೀ ಪಾಟೀ ಸವಾಲಲ್ಲ. ಎಲ್ಲಿ ನಿಲ್ಲಿಸಿ ಕೂತುಕೊಳ್ಳಬೇಕು ಅನ್ನುವುದಷ್ಟೇ.

ಇದನ್ನು ತಮ್ಮನ್ನೇ ಯಾಕೆ ಕೇಳುತ್ತಿದ್ದೇನೆ ಅಂದರೆ, ಎರಡು ವರ್ಷದ ಹಿಂದೆ ಒಂದು ಕೇಸಿನ ಕೆಲಸಕ್ಕೆ ಧಾರವಾಡದ ಕೋರ್ಟಿಗೆ ಬಂದಿದ್ದೆ. ನನ್ನ ಕೇಸು ಮಧ್ಯಾಹ್ನಕ್ಕೆ ಹೋಯಿತು. ಬಿಸಿಲಿಗೆ ಹೊರಗೆ ನಿಲ್ಲುವುದು ಬೇಡವೆಂದು ಸಿಕ್ಕ ಹಾಲಿನಲ್ಲಿ ಹಿಂದಿನ ಬೆಂಚಿಗೆ ಕೂತೆ. ಅಲ್ಲಿ ತಾವು ಒಬ್ಬ ಗ್ರಾಮ ಲೆಕ್ಕಾಧಿಕಾರಿಯನ್ನು ಪಾಟೀ ಸವಾಲು ಮಾಡುತ್ತಿದ್ದಿರಿ. ಜಮೀನು ವಾದಿಯ ಕಬಜಾದಲ್ಲೇ ಇದೆ, ಉಳುವವರು ಅವರೇ ಎಂದು ಅವರು ಮುಖ್ಯ ವಿಚಾರಣೆಯಲ್ಲಿ ಹೇಳಿದ್ದರು. ತಾವು ಕೇಳಿದ್ದು 11 ಪ್ರಶ್ನೆ. ಆ ಊರಿಗೆ ಯಾವಾಗ ಬಂದಿರಿ, ನಿಮ್ಮ ಕೈಕೆಳಗೆ ಎಷ್ಟು ಊರು, ಬೆಳೆ ನೋಡಲು ಯಾವ ತಿಂಗಳಲ್ಲಿ ಹೋಗುತ್ತೀರಿ, ಹೀಗೆ ಯಾರಿಗೂ ನೋವಾಗದ ಪ್ರಶ್ನೆಗಳು. ಉತಾರ ಮೊದಲಿನಿಂದಲೂ ತಮ್ಮ ಎಡಗೈಯಲ್ಲೇ ಇತ್ತು, ಆದರೆ ಅದನ್ನು ಸಾಕ್ಷಿಗೆ ತೋರಿಸಿದ್ದು ಏಳನೇ ಪ್ರಶ್ನೆಗೆ. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ, ಆ ಸಾಕ್ಷಿ ಹೇಳಿದ ವರ್ಷಗಳಲ್ಲಿ ಎರಡಕ್ಕೆ ಅವರು ಆ ಊರಿನಲ್ಲೇ ಇರಲಿಲ್ಲ ಎನ್ನುವುದು ದಾಖಲೆಗೆ ಬಂದಿತ್ತು.

ಮುಂದಿನ ಪ್ರಶ್ನೆ ನನ್ನ ಬಾಯಿಗೇ ಬಂದುಬಿಟ್ಟಿತ್ತು: "ಹಂಗಾದ್ರ ನೋಡದನ ಹ್ಯಾಂಗ ಹೇಳಿದ್ರಿ?" ತಾವು ಅದನ್ನು ಕೇಳಲಿಲ್ಲ. "ಇಷ್ಟೇ ಸ್ವಾಮಿ" ಅಂದು ಕೂತಿರಿ. ಆ ಹನ್ನೊಂದನ್ನೂ ನಾನು ಕೈಯಲ್ಲಿದ್ದ ಕೇಸ್ ಕಾಗದದ ಹಿಂದೆ ಗೀಚಿಕೊಂಡು ಬಂದೆ.

ಗೀಚಿಕೊಂಡರೆ ವಿದ್ಯೆ ಬರುವುದಿಲ್ಲವಲ್ಲ. ಮರುವರ್ಷ ನನ್ನದೇ ಒಂದು ವಾಟ್ನಿ ದಾವೆಯಲ್ಲಿ ಅದು ಗೊತ್ತಾಯಿತು. ವಾದಿ ಅಕ್ಕ, ನನ್ನ ಕಕ್ಷಿದಾರ ತಮ್ಮ. 1998ರಲ್ಲೇ ಅಪ್ಪ ಮತ್ತು ಗಂಡುಮಕ್ಕಳ ನಡುವೆ ಬಾಯಿಮಾತಿನ ವಾಟ್ನಿ ಆಗಿದೆ, ಅದರ ಮೇಲೆ ವರ್ದಿ ಕೊಟ್ಟು ಹೆಸರು ಹಚ್ಚಿದ್ದೇವೆ ಎನ್ನುವುದು ನಮ್ಮ ತಕರಾರು. 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಬಾಯಿಮಾತಿನ ವಾಟ್ನಿಯನ್ನು ಹಿಡಿದು ನಿಲ್ಲುವುದು ಎಷ್ಟು ಕಷ್ಟ ಎಂದು ತಮಗೆ ನಾನು ಹೇಳಬೇಕಾಗಿಲ್ಲ. ಸರ್ಕಾರಿ ದಾಖಲೆಯ ಗಟ್ಟಿ ಆಧಾರ ಇದ್ದರೆ ಮಾತ್ರ, ಅದೂ ಅಪರೂಪಕ್ಕೆ. ನಮಗಿದ್ದದ್ದು ಆ ವರ್ದಿ ಒಂದೇ. ಪಾಟೀ ಸವಾಲಿನ ನಡುವೆ ನಡೆದದ್ದು ಹೀಗೆ:

"1998ರಾಗ ವರ್ದಿ ಕೊಟ್ಟಾಗ ನೀವು ತವರುಮನ್ಯಾಗ ಇದ್ರಿ?" "ಹೌದ್ರಿ."
"ವರ್ದಿ ಕೊಟ್ಟದ್ದು ನಿಮಗ ಗೊತ್ತಿತ್ತು?" "ಗೊತ್ತಿತ್ತ್ರಿ."
"ಅಲ್ಲಿಂದ ಮುಂದ ಅಣ್ಣ ತಮ್ಮ ಬ್ಯಾರೆ ಬ್ಯಾರೆ ಉಳತಾರ?" "ಹೌದ್ರಿ."

ಇಲ್ಲಿಗೆ ಕೂತಿದ್ದರೆ ಸಾಕಿತ್ತು. ಮೂರು "ಸರಿ" ಬಿದ್ದ ಹುರುಪಿನಲ್ಲಿ ನಾನು, "ಮತ್ತ ಇಷ್ಟು ವರ್ಷ ಯಾಕ ಸುಮ್ಮನಿದ್ರಿ?" ಅಂದೆ. ಆಕೆ ಸೆರಗು ಸರಿ ಮಾಡಿಕೊಂಡು ನೇರ ಸಾಹೇಬರ ಕಡೆ ತಿರುಗಿ ಹೇಳಿದರು: "ಬೆಳಿಸಾಲಕ್ಕಂತ ಹೆಸರು ಹಚ್ಚೇವಿ, ನಿನ್ನ ಪಾಲು ನಿನಗೈತಿ, ಅವ್ವ ಇರೂತನಕ ಕೇಳಬ್ಯಾಡ ಅಂತ ನಮ್ಮಣ್ಣ ಕೈಮುಗದು ಹೇಳಿದ್ದರೀ." ಅದುವರೆಗೆ "ಸರಿ", "ಸರಿಯಲ್ಲ" ಎಂದಷ್ಟೇ ಬರೆಸುತ್ತಿದ್ದ ಸಾಹೇಬರು ಆ ಮಾತನ್ನು ಅಕ್ಷರ ಬಿಡದೆ ಬರೆಸಿದರು. ಸಾಲಕ್ಕಾಗಿ ಹಚ್ಚಿದ ಹೆಸರು ಎನ್ನುವ ಮಾತು ಆಕೆಯ ಮುಖ್ಯ ವಿಚಾರಣೆಯ ಪ್ರಮಾಣ ಪತ್ರದಲ್ಲಿ ಎಲ್ಲೂ ಇರಲಿಲ್ಲ. ತಂದುಕೊಟ್ಟವಳು ನಾನು. ತೀರ್ಪಿನಲ್ಲಿ ಅದೇ ಸಾಲು ಎರಡು ಕಡೆ ಬಂದಿದೆ.

ಆ ಅಕ್ಕನಿಗೆ ಪಾಲು ಸಿಕ್ಕಿದ್ದಕ್ಕೆ ನನಗೆ ಬೇಸರವಿಲ್ಲ. ನಿಜ ಹೇಳಬೇಕೆಂದರೆ ಆಕೆ ಹೇಳಿದ್ದು ಸತ್ಯವೇ ಇದ್ದೀತು. ಆದರೆ ನನ್ನನ್ನು ನಂಬಿ ವಕಾಲತ್ತಿಗೆ ಸಹಿ ಹಾಕಿದವನ ಕೇಸನ್ನು ನನ್ನ ಬಾಯಿಯೇ ಕೆಡಿಸಿತಲ್ಲ, ಅದು ಚುಚ್ಚುತ್ತದೆ. ಅವರು ಅಪೀಲಿಗೆ ಹೋಗಲಿಲ್ಲ. ಅಕ್ಕ ತಮ್ಮ ಕೂತು ಮಾತಾಡಿ ಜಮೀನು ಅಳೆಸಿಕೊಂಡು ಮುಗಿಸಿದರು.

ಇದನ್ನು ತಿದ್ದಬೇಕಾದವರು ಸೀನಿಯರ್. ನಾನು ಗದಗಿನಲ್ಲಿ ಎರಡು ವರ್ಷ ಒಬ್ಬ ಹಿರಿಯರ ಕೈಕೆಳಗೆ ಇದ್ದೆ. ಡ್ರಾಫ್ಟಿಂಗ್ ಅವರೇ ಕಲಿಸಿದ್ದು. ಇವತ್ತಿಗೂ ನನ್ನ ದಾವಾ ಅರ್ಜಿಗೆ ಕೋರ್ಟ್ ಆಫೀಸಿನವರು ಆಕ್ಷೇಪಣೆ ಹಾಕುವುದು ಕಡಿಮೆ. 2021ರಲ್ಲಿ ಅವರು ತೀರಿಕೊಂಡರು. ಸಾಕ್ಷಿಯ ಮುಂದೆ ನಿಲ್ಲುವ ಪಾಠ ಅಲ್ಲಿಗೇ ನಿಂತಿತು. 2002ರಿಂದ ಮುಖ್ಯ ವಿಚಾರಣೆ ಪ್ರಮಾಣ ಪತ್ರದಲ್ಲೇ ಬರುತ್ತಿರುವುದರಿಂದ ಸಾಕ್ಷಿಯ ಸ್ವಂತ ದನಿ ನಮ್ಮಂಥವರಿಗೆ ಮೊದಲು ಕೇಳುವುದೇ ನಾವು ಪಾಟೀ ಸವಾಲಿಗೆ ಎದ್ದು ನಿಂತಾಗ. ಆತ ಬಾಯಿಬಡುಕನೋ, ಗಟ್ಟಿಗನೋ, ವಕೀಲರು ಬರೆದುಕೊಟ್ಟದ್ದಕ್ಕೆ ಸಹಿ ಮಾಡಿ ಬಂದವನೋ ಎಂದು ಅಳೆಯುವುದಕ್ಕೆ ಸಮಯವೇ ಇರುವುದಿಲ್ಲ. ಪುಸ್ತಕ ಓದಿದ್ದೇನೆ; ಅವುಗಳಲ್ಲಿರುವ ಸಾಕ್ಷಿಗಳು ಇಂಗ್ಲಿಷಿನಲ್ಲಿ ಸುಳ್ಳು ಹೇಳುತ್ತಾರೆ. ನಮ್ಮವರು "ಹೌದ್ರಿ, ಆದ್ರ..." ಅನ್ನುತ್ತಾರೆ. ಆ "ಆದ್ರ" ಬಾಯಿಂದ ಹೊರಬೀಳುವ ಮೊದಲೇ ಮುಂದಿನ ಪ್ರಶ್ನೆಗೆ ಹೋಗಬೇಕೋ, ಬಿಡಬೇಕೋ? ಇಂಥದ್ದೇ ನನ್ನ ಸಂದೇಹಗಳು.

40 ನಿಮಿಷ ಹೇಗೆ ಕಳೆಯಬೇಕೆಂದು ಯೋಚಿಸಿದ್ದೇನೆ. ಪ್ರತಿ ಸಲ ನನ್ನ ಒಂದು ಮುಗಿದ ಕೇಸಿನ ಒಬ್ಬನೇ ಸಾಕ್ಷಿಯ ಪಾಟೀ ಸವಾಲು ತರುತ್ತೇನೆ. ಕೇಸು ಏನು ಎನ್ನುವುದು ಅರ್ಧ ಪುಟ, ಪ್ರಶ್ನೋತ್ತರ ಹೆಚ್ಚೆಂದರೆ ಮೂರು ಪುಟ. ತಾವು ಮೊದಲೇ ಓದಿಟ್ಟುಕೊಳ್ಳುವುದು ಬೇಡ. ನಾನೇ ಎದುರು ಕೂತು ಓದುತ್ತೇನೆ. ತಾವು "ಇಲ್ಲಿ ಕೂತ್ಕೋಬೇಕಿತ್ತು" ಅಂದ ಕಡೆ ಕೆಂಪು ಗೆರೆ ಎಳೆದುಕೊಳ್ಳುತ್ತೇನೆ. ಯಾಕೆ ಎಂದು ಎರಡು ಮಾತು ಹೇಳಿದರೆ ಸಾಕು. ಉಳಿದ ಸಮಯದಲ್ಲಿ ಅದೇ ಸಾಕ್ಷಿಗೆ ಹೊಸದಾಗಿ ಹತ್ತು ಪ್ರಶ್ನೆ ಬರೆದು ತಂದದ್ದನ್ನು ತೋರಿಸುತ್ತೇನೆ. ತಮ್ಮ ಜ್ಯೂನಿಯರ್‌ಗಳು ಪಕ್ಕದಲ್ಲಿ ಕೂತು ಕೇಳಿದರೂ ನನಗೆ ಸಂಕೋಚವಿಲ್ಲ, ನಕ್ಕರೂ ಅಡ್ಡಿಯಿಲ್ಲ.

ಕಕ್ಷಿದಾರರ ಹೆಸರು, ಊರು, ಸರ್ವೆ ನಂಬರ್ ಅಳಿಸಿಯೇ ತರುತ್ತೇನೆ. ನಡೆಯುತ್ತಿರುವ ಕೇಸಿನ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ನಮ್ಮ ಕಡೆಯ ಕೇಸುಗಳು ಅಪೀಲಿಗೆ ಧಾರವಾಡದ ಪೀಠಕ್ಕೆ ಬರುತ್ತವೆ. ನಾಳೆ ತಾವೇ ಎದುರು ಪಾರ್ಟಿಗೆ ನಿಲ್ಲಬಹುದು. ಅಂಥ ಮುಜುಗರ ಯಾರಿಗೂ ಬೇಡ. ಹಾಗೆಯೇ ತಮ್ಮ ಆಫೀಸಿಗೆ ಸೇರಿಸಿಕೊಳ್ಳಿ, ಕೇಸು ಕಳಿಸಿಕೊಡಿ, ಯಾರಿಗಾದರೂ ಒಂದು ಮಾತು ಹೇಳಿ ಎಂದೂ ಕೇಳಲಾರೆ. ತಮ್ಮ ಹತ್ತಿರ ಕಲಿಯುತ್ತಿದ್ದೇನೆ ಎಂದು ಬಾರ್ ರೂಮಿನಲ್ಲಿ ಹೇಳಿಕೊಂಡು ತಿರುಗುವುದೂ ಇಲ್ಲ.

ತಾರೀಖುಗಳು ಜೂನ್ 14, ಜುಲೈ 12, ಆಗಸ್ಟ್ 9, ಸೆಪ್ಟೆಂಬರ್ 13, ಅಕ್ಟೋಬರ್ 11, ನವೆಂಬರ್ 8. ಕೋರ್ಟ್ ರಜೆ ಇರುವ ಶನಿವಾರಗಳನ್ನೇ ಆರಿಸಿದ್ದೇನೆ. ಸಮಯ ತಾವು ಹೇಳಿದಂತೆ. ಬೆಳಿಗ್ಗೆ ಏಳಕ್ಕೆ ಬಾ ಅಂದರೆ ಹಿಂದಿನ ರಾತ್ರಿಯೇ ಹುಬ್ಬಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮನೆಗೆ ಬಂದಿರುತ್ತೇನೆ. ಯಾವುದಾದರೂ ತಿಂಗಳು ಆಗದಿದ್ದರೆ "ಈ ಸಲ ಬೇಡ" ಎಂದು ಒಂದು ಮೆಸೇಜ್ ಹಾಕಿಸಿದರೆ ಸಾಕು. ತಪ್ಪಿದ ತಿಂಗಳನ್ನು ಮುಂದಕ್ಕೆ ಎಳೆಯುವುದಿಲ್ಲ. ನವೆಂಬರ್ 8ಕ್ಕೆ ಎಷ್ಟಾಗಿದೆಯೋ ಅಷ್ಟೇ. ಮೊದಲ ಎರಡು ಭೇಟಿ ಆದ ಮೇಲೆ ಇದರಿಂದ ಉಪಯೋಗವಿಲ್ಲ ಅನಿಸಿದರೆ ಅಲ್ಲಿಗೇ ನಿಲ್ಲಿಸಿಬಿಡಿ, ಕಾರಣ ಕೇಳುವುದಿಲ್ಲ. ಈಗಾಗಲೇ ಬರೆದಂತೆ, "ಯಾಕೆ" ಎಂದು ಕೇಳಿ ಒಮ್ಮೆ ಅನುಭವಿಸಿದ್ದೇನೆ.

ಆರು ಸಲ ಎನ್ನುವುದೇ ಹೆಚ್ಚಾಯಿತು ಅನಿಸಿದರೆ ಜೂನ್ 14 ಒಂದೇ ದಿನ ಕೊಡಿ. ಆ ಅಕ್ಕನ ಪಾಟೀ ಸವಾಲನ್ನೇ ತರುತ್ತೇನೆ. ಒಟ್ಟು 34 ಪ್ರಶ್ನೆ ಕೇಳಿದ್ದೇನೆ. ಅದರಲ್ಲಿ ಕೊನೆಯ 14 "ಎಂದರೆ ಸರಿಯಲ್ಲ" ಎಂದೇ ಮುಗಿದಿವೆ. ನಮ್ಮ ಕೇಸನ್ನು ಸಾಕ್ಷಿಯ ಮುಂದೆ ಇಡಲೇಬೇಕು, ಅದು ಗೊತ್ತು. ಆದರೆ ಅದಕ್ಕೆ ಹದಿನಾಲ್ಕು ಬೇಕಿತ್ತೇ? ಅದನ್ನಾದರೂ ತಿಳಿದುಕೊಂಡು ಬಂದ ಹಾಗಾಗುತ್ತದೆ.

ಈಗ ಪುರುಸೊತ್ತಿಲ್ಲ ಎಂದರೂ ನನಗೆ ಅರ್ಥವಾಗುತ್ತದೆ. ಹಾಗೆ ಹೇಳಲು ಪತ್ರ ಬರೆಯುವ ತೊಂದರೆ ಬೇಡ. ನನ್ನ ಫೋನ್ ನಂಬರ್ ಲಕೋಟೆಯ ಹಿಂದೆ ಬರೆದಿದ್ದೇನೆ. "ಆಯ್ತು" ಅಥವಾ "ಆಗಲ್ಲ" ಎಂದು ತಮ್ಮ ಗುಮಾಸ್ತರಿಂದ ಹೇಳಿಸಿದರೂ ಸಾಕು. ಜೂನ್ 5ರವರೆಗೆ ಏನೂ ತಿಳಿಯದಿದ್ದರೆ ಈಗ ಆಗುವುದಿಲ್ಲ ಎಂದುಕೊಳ್ಳುತ್ತೇನೆ. ಫೋನ್ ಮಾಡಿ ಮತ್ತೆ ಮತ್ತೆ ಕೇಳುವುದಿಲ್ಲ.

ತಮ್ಮ ವಿಶ್ವಾಸಿ,
ರೇಖಾ
ವಕೀಲರು, ರೋಣ

ತಾ.ಕ.: ತಮ್ಮ ಆ ಹನ್ನೊಂದು ಪ್ರಶ್ನೆಗಳನ್ನು ಬರೆದುಕೊಂಡ ಹಾಳೆಯ ಝೆರಾಕ್ಸ್ ಇದರ ಜೊತೆಗಿದೆ. ಎಂಟನೆಯದು ಅವಸರದಲ್ಲಿ ಅರ್ಧ ಬಿಟ್ಟುಹೋಗಿದೆ. ತಮಗೆ ನೆನಪಿದ್ದರೆ, ಭೇಟಿ ಆಗಲಿ ಬಿಡಲಿ, ಅದೊಂದನ್ನು ಹೇಳಿಸಿ.