ಕಾಳುವಿಗೆ

ಮೊದಲು ಹೊಂಡ ತೋಡಿದ್ದು ಬಾವಿಯ ಹತ್ತಿರ, ಹಲಸಿನ ಬುಡದಲ್ಲಿ.
ಎರಡು ಅಡಿಗೇ ನೀರು ಒಸರಿತು. ಆಟಿ ತಿಂಗಳು ಅಲ್ವಾ.
ನಿನ್ನನ್ನು ನೀರಲ್ಲಿ ಮಲಗಿಸಲು ಮನಸ್ಸು ಬರಲಿಲ್ಲ, ಕಾಳು.
ಗುಡ್ಡೆ ಹತ್ತಿದೆವು, ಗೇರುಮರದ ಕಡೆಗೆ.
ಅಲ್ಲಿ ಬರೀ ಮುರಕಲ್ಲು. ಹಾರೆಗೆ ಬಗ್ಗಲಿಲ್ಲ.
ಪಕ್ಕದ ಮನೆಯವರು ಕೇಳುವ ಮೊದಲೇ ಪಿಕ್ಕಾಸು ತಂದುಕೊಟ್ಟರು.
ಅವರ ಎರಡು ಕೋಳಿ ಕೊಂದವನು ನೀನು. ಅದನ್ನು ಮುಚ್ಚಿಡುವುದಿಲ್ಲ.

2012ರ ಮಳೆಗಾಲದಲ್ಲಿ ಅಪ್ಪ ನಿನ್ನನ್ನು ಸಂತೆಕಟ್ಟೆಯಿಂದ ತಂದರು.
ಮರಿಯಾಗಿದ್ದಾಗಿನದು ನನಗೆ ಜಾಸ್ತಿ ನೆನಪಿಲ್ಲ.
ನೆನಪಿರುವುದು ನಿನ್ನ ಕೆಲಸ.

ರಾತ್ರಿ ಒಂಬತ್ತಕ್ಕೆ ಅಮ್ಮ ಟಾರ್ಚ್ ಹಿಡಿದು ಹಟ್ಟಿಗೆ ಹೊರಟರೆ
ನೀನು ನಾಲ್ಕು ಹೆಜ್ಜೆ ಮುಂದೆ.
ಯಾರೂ ಕಲಿಸಿದ್ದಲ್ಲ.
ಅವಳು ದನಕ್ಕೆ ಬೈಹುಲ್ಲು ಹಾಕಿ ಮುಗಿಸುವವರೆಗೆ
ಬಾಗಿಲಲ್ಲಿ ಕತ್ತಲೆಗೆ ಮುಖ ಮಾಡಿ ನಿಲ್ಲುತ್ತಿದ್ದೆ.

ಒಂದು ರಾತ್ರಿ ಹಟ್ಟಿಯ ಮೆಟ್ಟಿಲ ಹತ್ತಿರ ಅಡ್ಡ ನಿಂತೆ.
ಬೊಗಳಲಿಲ್ಲ. ಜರಗಲಿಲ್ಲ.
ಅಮ್ಮನ ಮೊಣಕಾಲಿಗೆ ಮೈ ಒತ್ತಿ ಹಿಂದಕ್ಕೆ ತಳ್ಳಿದೆ.
ಅವಳು ಬೈದಳು. ಕೊಡೆಯಿಂದ ಬೆನ್ನಿಗೆ ಒಂದು ಬಾರಿಸಿದಳು.
ಆಮೇಲೆ ಬೆಳಕು ಕೆಳಗೆ ಬಿತ್ತು.
ಮೆಟ್ಟಿಲ ಮೇಲೆ ಕನ್ನಡಿ ಹಾವು, ಸುರುಳಿ ಸುತ್ತಿಕೊಂಡು.

ಆ ಏಟಿನ ಮಾತನ್ನು ಅಮ್ಮ ಮೊನ್ನೆಯೂ ಎತ್ತಿದಳು.
ಎತ್ತುವಾಗಲೆಲ್ಲ ನಿನ್ನ ಬೆನ್ನಿನ ಅದೇ ಜಾಗ ಸವರುತ್ತಿದ್ದಳು.

ಅಪ್ಪ ತೀರಿಕೊಂಡರು. ನಾನು ಮಂಗಳೂರಲ್ಲಿ, ಕೆಲಸಕ್ಕೆ.
'ಒಬ್ಬಳೇ ಇದ್ದೀಯಲ್ಲಮ್ಮ' ಎಂದು ಫೋನಿನಲ್ಲಿ ಹೇಳಿದರೆ
'ಒಬ್ಬಳೇ ಎಲ್ಲಿ?' ಅನ್ನುತ್ತಿದ್ದಳು.
ಆ ಮಾತು ಕೇಳಿ ನಾನು ನಿಶ್ಚಿಂತೆಯಿಂದ ಮಲಗಿದ್ದೇನೆ.
ಎಷ್ಟು ರಾತ್ರಿಗಳು, ಲೆಕ್ಕ ಇಟ್ಟಿಲ್ಲ. ಎಲ್ಲ ನೀನು ಕೊಟ್ಟದ್ದು.

ನಿನ್ನೆ ರಾತ್ರಿ ಮಳೆ ಸ್ವಲ್ಪ ಬಿಟ್ಟಿತ್ತು.
ಮಲ್ಪೆಯ ಬೋಟುಗಳೆಲ್ಲ ದಡದಲ್ಲಿ, ಕಡಲಿನ ಸದ್ದು ಅಂಗಳದವರೆಗೆ.
ಮೂರು ದಿನದಿಂದ ನೀನು ಗಂಜಿನೀರು ಕೂಡ ಮುಟ್ಟಿರಲಿಲ್ಲ.
ಒಂಬತ್ತಕ್ಕೆ ಅಮ್ಮ ಟಾರ್ಚ್ ಒತ್ತಿದ ಸದ್ದಿಗೆ ಎದ್ದೆ.
ಜಗಲಿಯ ಎರಡು ಮೆಟ್ಟಿಲು ಇಳಿದೆ.
ಮೂರನೆಯದರಲ್ಲಿ ಹಿಂಗಾಲು ಕುಸಿಯಿತು.
ಅಲ್ಲೇ ಕುಳಿತೆ, ಹಟ್ಟಿಯ ಕಡೆ ನೋಡುತ್ತಾ.

ಅಮ್ಮ ನಿನ್ನ ಪಕ್ಕ ಕುಳಿತಳು. ಟಾರ್ಚ್ ನನ್ನ ಕೈಗೆ ಕೊಟ್ಟಳು.
ಬೈಹುಲ್ಲು ಹಾಕಿ ನಾನು ತಿರುಗಿ ಬರುವವರೆಗೂ
ನೀನು ತಲೆ ಕೆಳಗಿಡಲಿಲ್ಲ.
ಬೆಳಗ್ಗೆ ಮೈ ತಣ್ಣಗಾಗಿತ್ತು.

ಸೊಂಟದಷ್ಟು ಆಳ ತೋಡಿದ್ದೇವೆ.
ಅಪ್ಪನ ಹಳೆಯ ಪಂಚೆ ಹೊದೆಸಿದಳು ಅಮ್ಮ.
ನರಿ ಕೆದಕದ ಹಾಗೆ ಮೇಲೆ ಕಲ್ಲು ಜೋಡಿಸಿದ್ದೇವೆ.

ಮುರಕಲ್ಲಿಗೆ ಹೊಡೆದು ಹೊಡೆದು ಪಿಕ್ಕಾಸಿನ ಹಿಡಿ ಸಡಿಲವಾಗಿದೆ.
ನಿನ್ನ ನೀರಿನ ಮರಿಗೆ ತುಂಬಿಯೇ ಇತ್ತು, ಅದರಲ್ಲಿ ನೆನೆಹಾಕಿದ್ದೇನೆ.
ನಾಳೆಗೆ ಮರ ಉಬ್ಬಿ ಬಿಗಿಯಾಗುತ್ತದೆ.
ಬೆಳಗ್ಗೆ ಹೋಗಿ ಕೊಟ್ಟು ಬರಬೇಕು.