ದುಡ್ಡು ಬರೋಕೆ ಪಿನ್ ಯಾಕೆ ಬೇಡ?

ಅಪ್ಪನ ಪ್ರಶ್ನೆ: ಹಳೇ ಸೋಫಾ ತಗೊಳ್ತೀನಿ ಅಂದವನು ಒಂದು ಕ್ಯೂಆರ್ ಕೋಡ್ ಕಳ್ಸಿದಾನೆ ಕಣೋ, ಸ್ಕ್ಯಾನ್ ಮಾಡಿ ಪಿನ್ ಹಾಕಿ, 4,000 ರೂಪಾಯಿ ನಿಮ್ಮ ಅಕೌಂಟಿಗೆ ಬರತ್ತೆ ಅಂತಾನೆ. ಹಾಕ್ಲಾ?

ಉತ್ತರ: ಬೇಡಪ್ಪ, ಹಾಕ್ಲೇಬೇಡಿ! ಯುಪಿಐ ಪಿನ್ ಅಂದ್ರೆ ನಿಮ್ಮ ಸಹಿ ಇದ್ದಂಗೆ. ಬ್ಯಾಂಕಲ್ಲಿ ನಿಮ್ಮ ಖಾತೆಗೆ ಯಾರಾದ್ರೂ ದುಡ್ಡು ಕಟ್ಟಿದ್ರೆ ನಿಮ್ಮ ಸಹಿ ಕೇಳ್ತಾರಾ, ಇಲ್ವಲ್ಲ, ನೀವು ತೆಗೆಯೋವಾಗ ಮಾತ್ರ ಕೇಳ್ತಾರೆ, ಇದೂ ಹಂಗೇ, ಪಿನ್ ಒತ್ತಿದ್ರೆ ನೀವೇ ಬ್ಯಾಂಕಿಗೆ ‘ನನ್ನ ಖಾತೆಯಿಂದ ಕಳ್ಸಿ’ ಅಂತ ಹೇಳ್ದಂಗೆ. ಸ್ಕ್ಯಾನ್ ಮಾಡೋದೂ ಕೊಡೋರ ಕೆಲಸ, ತಗೊಳ್ಳೋರದ್ದಲ್ಲ. ಅವನಿಗೆ ನಿಮ್ಮ ಯುಪಿಐ ಐಡಿ ಇಲ್ಲಾ ನಂಬರ್ ಇದ್ರೆ ಸಾಕು, ನೀವು ಮಲಗಿದ್ರೂ ದುಡ್ಡು ಬಂದು ಬೀಳತ್ತೆ.

ಅಪ್ಪ: ಮತ್ತೆ ಬ್ಯಾಲೆನ್ಸ್ ನೋಡೋಕೆ ಪಿನ್ ಕೇಳತ್ತಲ್ಲ?

ಹೂಂ, ಅದಕ್ಕೂ ಕೇಳತ್ತೆ, ಅಲ್ಲೇ ಜನ ಗೊಂದಲ ಮಾಡ್ಕೊಳ್ಳೋದು. ಅದನ್ನ ನೀವಾಗೇ ನೋಡ್ಕೊಳ್ಳಿ, ಬೇರೆಯವ್ರು ಫೋನಲ್ಲಿ ಹೇಳ್ತಾ ಇರುವಾಗ ಮಾತ್ರ ಯಾವುದಕ್ಕೂ ಪಿನ್ ಒತ್ಬೇಡಿ.

ಅಪ್ಪ: ಅಕಸ್ಮಾತ್ ಒತ್ಬಿಟ್ರೆ?

ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ನಾನು ಬೈತೀನಿ ಅಂತ ಮುಚ್ಚಿಡ್ಬೇಡಿ, ಬೈಯಲ್ಲ.